ಸಂಜೆ ಆದ್ರೆ ಅತ್ತೆ "ಮನೆಗೆ ಹೋಗ್ತೀನಿ" ಅಂತ ಹೊರಟುಬಿಡ್ತಾರೆ, ರಾತ್ರಿ ನಿದ್ದೆನೂ ಇಲ್ಲ. ನಿಮ್ಮನೇಲಿ ದಿನಚರಿ ಹೆಂಗೆ ಇಟ್ಕೊಂಡಿದೀರಿ?

ಸಂಪಿಗೆಮನೆ
ಎಲ್ರಿಗೂ ನಮಸ್ಕಾರ. ನಮ್ಮದು ರಿಪ್ಪನ್‌ಪೇಟೆ ಹತ್ರ ಹಳ್ಳಿ, ತೋಟದ ಮನೆ, ಕೆಳಗಡೆ ಕೆರೆ ಇದೆ. ಅತ್ತೆಗೆ 76 ವರ್ಷ, ಮರೆವಿನ ಕಾಯಿಲೆ, ಆಲ್‌ಝೈಮರ್ ಅಂತ ಶಿವಮೊಗ್ಗದಲ್ಲಿ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಬೆಳಿಗ್ಗೆ ಹೊತ್ತು ಪಾಪ ಸುಮ್ನೆ ಇರ್ತಾರೆ, ಸಂಜೆ ಕಾಫಿ ಕುಡಿದ ಮೇಲೆ ಶುರು. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು "ಕತ್ತಲೆ ಆಗೋದ್ರೊಳಗೆ ಮನೆಗೆ ಹೋಗ್ಬೇಕು, ಅಪ್ಪಯ್ಯ ಕಾಯ್ತಿರ್ತಾರೆ" ಅಂತ ಅಂಗಳ ಇಳಿದುಬಿಡ್ತಾರೆ. ಅವರ ತವರುಮನೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ಮುಳುಗಡೆ ಆಗಿದ್ದು, 1964ರ ಕಥೆ. ಇಲ್ಲದಿರೋ ಮನೆಗೆ ಎಲ್ಲಿಗೆ ಕರ್ಕೊಂಡು ಹೋಗೋದು ಹೇಳಿ. ತಡೆದ್ರೆ ಬೈತಾರೆ, ಕೈ ಹಿಡಿದ್ರೆ ಹೊಡಿತಾರೆ, ಮೊನ್ನೆ ನಮ್ಮ ಯಜಮಾನ್ರ ಕೈ ಕಚ್ಚಿದ್ರು. ರಾತ್ರಿ 8ಕ್ಕೆ ಮಲಗಿಸಿದ್ರೆ 12 ಗಂಟೆ 12:30ಗೆ ಎದ್ದು ಪಾತ್ರೆ ಎಲ್ಲ ತೆಗೆಯೋದು, ಬಾಗಿಲು ಎಳೆಯೋದು, ಬೆಳಗಿನ ತನಕ ಅದೇ. ನಾವಿಬ್ರೂ ನಿದ್ದೆಗೆಟ್ಟು ಸುಸ್ತಾಗಿ ಹೋಗಿದೀವಿ. ಮಾತ್ರೆ ಜಾಸ್ತಿ ಮಾಡ್ಸೋದಾ, ಬೇರೆ ಏನಾದ್ರೂ ದಾರಿ ಇದ್ಯಾ? ದಿನಚರಿ ಸರಿ ಮಾಡ್ಕೊಳಿ ಅಂತ ಎಲ್ರೂ ಹೇಳ್ತಾರೆ, ಏನು ಮಾಡ್ಬೇಕು ಅಂತ ಯಾರೂ ಹೇಳಲ್ಲ.

ಅಡಿಕೆಮಂಡಿ
ಬಾಗಿಲಿಗೆ ಬೀಗ ಹಾಕಿ ಅಷ್ಟೇ. ನಮ್ಮ ಅಜ್ಜಿಗೂ ಹಿಂಗೇ ಆಗಿತ್ತು, ಆಗ ಕಾಯಿಲೆ ಹೆಸರು ಯಾರಿಗೆ ಗೊತ್ತಿತ್ತು, ಅರಳುಮರಳು ಅಂತಿದ್ವಿ. ಸಂಜೆ ರೂಮಲ್ಲಿ ಬಿಟ್ಟು ಹೊರಗಿಂದ ಚಿಲಕ ಹಾಕ್ತಿದ್ರು, ಸ್ವಲ್ಪ ಹೊತ್ತು ಕೂಗಿ ಸುಮ್ನಾಗ್ತಿದ್ರು.

ತುಂಗಾತೀರ
@ಅಡಿಕೆಮಂಡಿ ಸುಮ್ನಾಗಿದ್ದು ಹೆದರಿಕೊಂಡು ಮಾರಾಯ್ರೆ.

ಬೆಂಗ್ಳೂರು ಮಲ್ನಾಡಿಗ
ನಮ್ಮಪ್ಪನೂ ಇತ್ತೀಚೆಗೆ ಮೊಬೈಲ್ ಎಲ್ಲಿಟ್ಟೆ ಅಂತ ಮರೀತಾರೆ, ಬ್ಯಾಂಕ್ ಪಿನ್ ಮರೆತು ಎರಡು ಸಲ ಕಾರ್ಡ್ ಲಾಕ್ ಮಾಡ್ಕೊಂಡ್ರು. ಇದೂ ಅದೇನಾ? ಒಂದೆಲಗ ದಿನಾ ತಿಂದ್ರೆ ಸರಿ ಹೋಗತ್ತೆ ಅಂತಾರಲ್ಲ, ಇವರ ಅತ್ತೆಗೂ ಕೊಡಬಹುದಲ್ವಾ?

ನಿವೃತ್ತ ಸಿಸ್ಟರ್
@ಬೆಂಗ್ಳೂರು ಮಲ್ನಾಡಿಗ ಒಂದೆಲಗದ ತಂಬುಳಿ ಊಟಕ್ಕೆ ಚೆನ್ನಾಗಿರತ್ತೆ, ಮಾಡಿ ಬಡಿಸಿ, ಈ ಕಾಯಿಲೆ ವಾಸಿ ಮಾಡಲ್ಲ. ನಿಮ್ಮಪ್ಪನ ವಿಷಯ ಬೇರೆ, ಅದಕ್ಕೊಂದು ಬೇರೆ ಪೋಸ್ಟ್ ಹಾಕಿ.

ಸಂಪಿಗೆಮನೆಯವ್ರೇ, ನಾನು 30 ವರ್ಷಕ್ಕೂ ಮೇಲೆ ನರ್ಸ್ ಆಗಿದ್ದವಳು, ಕೊನೇ ಹತ್ತು ವರ್ಷ ಮನೋರೋಗ ವಿಭಾಗದಲ್ಲೇ. ಮಾತ್ರೆ ಮಾತು ಆಮೇಲೆ. ಮೊದ್ಲು ಇಷ್ಟು ಹೇಳಿ: ಬೆಳಿಗ್ಗೆಯಿಂದ ರಾತ್ರಿವರೆಗೆ ಎಷ್ಟೆಷ್ಟೊತ್ತಿಗೆ ಏನು ಮಾಡ್ತಾರೆ, ಹಗಲು ಎಷ್ಟು ಮಲಗ್ತಾರೆ, ಯಾವ ಮಾತ್ರೆ ಯಾವಾಗ, ಮತ್ತೆ ಈ ಸಂಜೆ ಗಲಾಟೆ ನಿಧಾನಕ್ಕೆ ಬಂದಿದ್ದಾ ಇಲ್ಲಾ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂಗೆ ಬಂದಿದ್ದಾ? ಕೊನೇದು ತುಂಬಾ ಮುಖ್ಯ.

ಸಂಪಿಗೆಮನೆ
ನಿಧಾನಕ್ಕೆ ಬಂದಿದ್ದು ಸಿಸ್ಟರ್, ಹೋದ ಮಳೆಗಾಲದಿಂದ ಜಾಸ್ತಿ ಆಗಿದೆ. ದಿನ ಹಿಂಗಿರತ್ತೆ: 5:30ಗೆ ಎಬ್ಬಿಸಿ ಮುಖ ತೊಳೆಸಿ ಕಾಫಿ. 9 ಗಂಟೆಗೆ ತಿಂಡಿ. ಆಮೇಲೆ ನಂಗೆ ಅಡುಗೆ, ಕೊಟ್ಟಿಗೆ, ಆಳುಗಳ ಊಟ ಅಂತ ಕೆಲಸ ಇರತ್ತಲ್ಲ, ಅವರು ಜಗಲಿ ಮಂಚದ ಮೇಲೆ 10ರಿಂದ 11:30ರ ತನಕ ಮಲಗ್ತಾರೆ. 1 ಗಂಟೆಗೆ ಊಟ. 2ರಿಂದ 4:30 ತನಕ ಮತ್ತೆ ನಿದ್ದೆ, ನಾನೂ ಆಗ ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ತೀನಿ. 4:30ಗೆ ದೊಡ್ಡ ಲೋಟದಲ್ಲಿ ಕಾಫಿ. ಅದಾಗಿ ಗಲಾಟೆ. 7:30ಗೆ ಊಟ, 8ಕ್ಕೆ ಮಲಗೋದು. ಮಾತ್ರೆ: ಮರೆವಿಗೆ ಡೊನೆಪೆಜಿಲ್ ರಾತ್ರಿ, ಬಿಪಿ ಮಾತ್ರೆ ಬೆಳಿಗ್ಗೆ, ಕಾಲು ಊತಕ್ಕೆ ಮೂತ್ರ ಹೋಗೋ ಮಾತ್ರೆ ಬೆಳಿಗ್ಗೆ ಒಂದು ಸಂಜೆ ಒಂದು. ನಿದ್ದೆ ಮಾತ್ರೆ ಅರ್ಧ ಕೊಡ್ತಿದ್ವಿ, ಬೆಳಿಗ್ಗೆ ತೂರಾಡ್ತಿದ್ರು, ಡಾಕ್ಟ್ರೇ ನಿಲ್ಲಿಸಿದ್ರು.

ನಿವೃತ್ತ ಸಿಸ್ಟರ್
ನೋಡಿ, ಉತ್ತರ ನೀವೇ ಬರೆದಿದೀರಿ. ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ಎರಡೂವರೆ ಗಂಟೆ, ಒಟ್ಟು ಹಗಲೇ 4 ಗಂಟೆ ನಿದ್ದೆ. ರಾತ್ರಿ 8ರಿಂದ 12:30 ಅಂದ್ರೆ ನಾಲ್ಕೂವರೆ. ಎಂಟೂವರೆ ಗಂಟೆ ಆಯ್ತಲ್ಲ. ಅವರಿಗೆ ನಿದ್ದೆ ಬರ್ತಿಲ್ಲ ಅನ್ನೋದು ಸುಳ್ಳು, ಆ ವಯಸ್ಸಿಗೆ ಬೇಕಾದಷ್ಟು ನಿದ್ದೆ ಮುಗಿಸೇ ಏಳ್ತಿದಾರೆ. ಇದಕ್ಕೆ ನಿದ್ದೆ ಮಾತ್ರೆ ಕೊಟ್ರೆ ಬೀಳೋದು, ಸೊಂಟ ಮುರ್ಕೊಳೋದು ಅಷ್ಟೇ ಲಾಭ.

ಆದ್ರೆ ನಾಳೆಯಿಂದಲೇ ಹಗಲು ನಿದ್ದೆ ಪೂರ್ತಿ ಬಂದ್ ಮಾಡಕ್ಕೆ ಹೋಗ್ಬೇಡಿ. ದಣಿದ್ರೆ ಸಂಜೆ ಇನ್ನೂ ರೇಗ್ತಾರೆ. ಮೊದ್ಲು ಬೆಳಗಿನ ನಿದ್ದೆ ತೆಗೀರಿ, ಮಧ್ಯಾಹ್ನದ್ದು ಊಟ ಆದ ತಕ್ಷಣ ಆರಾಮ ಕುರ್ಚಿಯಲ್ಲಿ ಕೂತಲ್ಲೇ ಅರ್ಧ ಮುಕ್ಕಾಲು ಗಂಟೆ, ಮಂಚದ ಮೇಲೆ ಬೇಡ. ರಾತ್ರಿ ಮಲಗೋ ಹೊತ್ತನ್ನ ಎರಡು ಮೂರು ದಿನಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ ಮುಂದೆ ತಳ್ತಾ 9:30ಗೆ ತಂದು ನಿಲ್ಲಿಸಿ. ಏಳೋ ಹೊತ್ತು ಮಾತ್ರ ಬದಲಾಯಿಸ್ಬೇಡಿ, ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿದ್ರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಿಸಿ. "ಪಾಪ ರಾತ್ರಿ ನಿದ್ದೆ ಇಲ್ಲ ಮಲಗ್ಲಿ" ಅಂತ ಬಿಟ್ರಿ ಅಂದ್ರೆ ಮಾರನೇ ರಾತ್ರಿನೂ ಹೋಯ್ತು ಅಂತಲೇ ಲೆಕ್ಕ.

ಬೆಳಗಿನ ನಿದ್ದೆ ತೆಗೆದ ಆ ಹೊತ್ತಲ್ಲಿ ಅವರನ್ನ ಒಳಗೆ ಕೂರಿಸ್ಬೇಡಿ. ಅಂಗಳದಲ್ಲಿ, ಮಳೆ ಇದ್ರೆ ಜಗಲಿ ತುದೀಲಿ ಹೊರಗೆ ಮುಖ ಮಾಡಿ ಒಂದು ಗಂಟೆ. ಮೋಡ ಕವಿದಿದ್ರೂ ಹೊರಗಿನ ಬೆಳಕು ನಮ್ಮ ಮಲ್ನಾಡ ಮನೆ ಒಳಗಿನ ಬೆಳಕಿಗಿಂತ ಎಷ್ಟೋ ಪಾಲು ಜಾಸ್ತಿ. ಹಗಲು ಯಾವುದು ರಾತ್ರಿ ಯಾವುದು ಅಂತ ಮಿದುಳಿಗೆ ಹೇಳೋದು ಈ ಬೆಳಕೇ, ಈ ಕಾಯಿಲೆಯಲ್ಲಿ ಆ ಗಡಿಯಾರವೇ ಕೆಟ್ಟಿರತ್ತೆ.

ಮಾತ್ರೆದು ನೀವಾಗೇ ಬದಲಾಯಿಸ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಮೂತ್ರದ ಮಾತ್ರೆಯ ಎರಡನೇದನ್ನ ಸಂಜೆ ಬದಲು ಮಧ್ಯಾಹ್ನ 2ರೊಳಗೆ ಕೊಡಬಹುದಾ? ಡೊನೆಪೆಜಿಲ್ ಬೆಳಿಗ್ಗೆಗೆ ಹಾಕಬಹುದಾ? ಅದನ್ನ ರಾತ್ರಿ ತಗೊಂಡ್ರೆ ಕೆಲವರಿಗೆ ನಿದ್ದೆ ಹಾರತ್ತೆ, ಕೆಟ್ಟ ಕನಸು ಬೀಳತ್ತೆ, ಕಿರುಚ್ಕೊಂಡು ಏಳ್ತಾರೆ. ಸಂಜೆ ದೊಡ್ಡ ಲೋಟ ಕಾಫಿ ಬಗ್ಗೆ ನಾನು ಹೇಳ್ಬೇಕಾ?

ಕೊಪ್ಪದವ್ನು
ಮಲ್ನಾಡಲ್ಲಿ ಸಂಜೆ ಕಾಫಿ ನಿಲ್ಲಿಸಿ ಅಂದ್ರೆ ಕಾಯಿಲೆ ಇಲ್ದವ್ರೂ ಮನೆ ಬಿಟ್ಟು ಹೋಗ್ತಾರೆ 😄

ನಿವೃತ್ತ ಸಿಸ್ಟರ್
ನಿಲ್ಲಿಸ್ಬೇಡಿ, ಅದೇ ಲೋಟದಲ್ಲಿ ಕೊತ್ತಂಬರಿ ಜೀರಿಗೆ ಕಷಾಯ ಹಾಲು ಬೆಲ್ಲ ಹಾಕಿ ಕೊಡಿ. ಅವರಿಗೆ ಬೇಕಾಗಿರೋದು ಲೋಟ, ಬಿಸಿ, ಆ ಹೊತ್ತು. ನೀರು ಕಡಿಮೆ ಮಾಡ್ಬೇಡಿ ಮತ್ತೆ, ಬೆಳಿಗ್ಗೆಯಿಂದ ಸಂಜೆ ತನಕ ಚೆನ್ನಾಗಿ ಕುಡಿಸಿ, ರಾತ್ರಿ ಊಟದಿಂದ ಈಚೆಗೆ ಒಂದೆರಡು ಗುಟುಕು ಸಾಕು.

ಮೆಡಿಕಲ್ ಶಾಪ್
ಸಿಸ್ಟರ್ ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ವಯಸ್ಸಾದವ್ರಿಗೆ ನಿದ್ದೆ ಬರಕ್ಕೆ ಆಲ್ಪ್ರಜೋಲಂ ಅಂತ ಹೆಸರು ಹೇಳಿ ಕೇಳ್ಕೊಂಡು ಬರ್ತಾರೆ ಜನ, ಚೀಟಿ ಇಲ್ದೆ. ನಾನು ಕೊಡಲ್ಲ, ಬೈಸ್ಕೊಳ್ತೀನಿ. ಮರೆವಿನ ಕಾಯಿಲೆ ಇರೋರಿಗೆ ಅದ್ರಿಂದ ತಲೆ ಇನ್ನೂ ಮಂಕಾಗತ್ತೆ, ಕೆಲವರಿಗೆ ಉಲ್ಟಾ ಹೊಡೆದು ಗಲಾಟೆ ಜಾಸ್ತಿ ಆಗತ್ತೆ. ಆದ್ರೆ ಬಹಳ ದಿನದಿಂದ ತಗೊಳ್ತಿರೋರು ಇದನ್ನ ಓದ್ಕೊಂಡು ದಿಢೀರ್ ನಿಲ್ಲಿಸ್ಬೇಡಿ, ಫಿಟ್ಸ್ ಬರಬಹುದು, ಡಾಕ್ಟ್ರ ಹತ್ರ ಕೇಳಿ ಸ್ವಲ್ಪ ಸ್ವಲ್ಪ ಇಳಿಸ್ಬೇಕು.

ಸಂಪಿಗೆಮನೆ
ಸರಿ ಸಿಸ್ಟರ್, ನಾಳೆ ಫೋನ್ ಮಾಡ್ತೀನಿ. ಸಂಜೆದು ಹೇಳಿ. ಹೊರಟು ನಿಂತಾಗ ಏನು ಮಾಡ್ಲಿ? "ಅತ್ತೆ, ನಿಮ್ಮ ತವರು ಮುಳುಗಿ ಹೋಗಿ ಎಷ್ಟು ವರ್ಷ ಆಯ್ತು, ಅಪ್ಪಯ್ಯ ತೀರ್ಕೊಂಡ್ರು" ಅಂತ ಹೇಳಿದ್ರೆ ಗೊಳೋ ಅಂತ ಅಳ್ತಾರೆ. ಅರ್ಧ ಗಂಟೆಗೆ ಮರೆತು ಮತ್ತೆ ಹೊರಡ್ತಾರೆ.

ಅಡಿಕೆಮಂಡಿ
ನಿಜ ಹೇಳ್ಲೇಬೇಕು. ಸುಳ್ಳು ಹೇಳ್ತಾ ಹೋದ್ರೆ ಅದೇ ಭ್ರಮೇಲಿ ಉಳ್ಕೊಳ್ತಾರೆ. ದಿನಾ ತಾರೀಕು, ಊರು, ಹೆಸರು ಹೇಳಿಕೊಟ್ರೆ ನೆನಪು ಬರತ್ತೆ ಅಂತ ಎಲ್ಲೋ ಓದಿದೀನಿ.

ನಿವೃತ್ತ ಸಿಸ್ಟರ್
ಓದಿರೋದು ಪೂರ್ತಿ ತಪ್ಪಲ್ಲ. ಶುರುವಿನ ಹಂತದಲ್ಲಿ ಇರೋರಿಗೆ ಬೆಳಿಗ್ಗೆ ಹೊತ್ತು ಗೋಡೆ ಮೇಲೆ ದೊಡ್ಡ ಕ್ಯಾಲೆಂಡರ್ ಗಡಿಯಾರ ತೋರಿಸಿ ಇವತ್ತು ಸೋಮವಾರ ಅಂತ ಹೇಳೋದು ಒಳ್ಳೇದೇ. ಸಂಜೆ ಹೆದರಿ ಅಂಗಳ ಇಳಿದು ನಿಂತಿರೋರಿಗೆ ಅಪ್ಪ ಸತ್ತ ಸುದ್ದಿ ಹೇಳೋದು ಬೇರೆ. ಅವರಿಗೆ ಪ್ರತಿ ಸಲನೂ ಅದು ಹೊಸ ಸಾವು.

ಸಂಪಿಗೆಮನೆಯವ್ರೇ, ಮನೆಗೆ ಹೋಗ್ತೀನಿ ಅನ್ನೋ ಮಾತು ಮುಕ್ಕಾಲು ಪಾಲು ಊರಿನ ಮಾತಲ್ಲ. ಇಲ್ಲಿ ನಂಗೆ ಏನೋ ಸರಿ ಇಲ್ಲ ಅಂತ ಹೇಳ್ತಿರ್ತಾರೆ, ಏನು ಅಂತ ಹೇಳಕ್ಕೆ ಆಗಲ್ಲ. ಅದಕ್ಕೆ ಮೊದ್ಲು ಮೈ ನೋಡಿ. ಮೂತ್ರಕ್ಕೆ ಬಂದಿದ್ಯಾ? ಹಸಿವಾ? ಚಳಿಯಾ? ಮಂಡಿ ನೋವಾ? ನೋವು ಅಂತ ಬಾಯಿಬಿಟ್ಟು ಹೇಳಲ್ಲ, ಮುಖ ಕಿವುಚೋದು, ಮಂಡಿ ಉಜ್ಜೋದು, ಮುಟ್ಟಿದ್ರೆ ತಳ್ಳೋದು ನೋಡಿ ತಿಳ್ಕೊಬೇಕು. ಮಂಡಿ ನೋವಿರೋ ಅಜ್ಜಿಗೆ ಡಾಕ್ಟ್ರನ್ನ ಕೇಳಿ ಮಧ್ಯಾಹ್ನ ಪ್ಯಾರಾಸಿಟಮಾಲ್ ಕೊಟ್ಟಿದ್ದಕ್ಕೆ ಸಂಜೆ ಹೊಡೆಯೋದು ನಿಂತಿದ್ದನ್ನ ನಾನೇ ವಾರ್ಡಲ್ಲಿ ನೋಡಿದೀನಿ.

ಆಮೇಲೆ ಅವರು ಹೊರಡೋದಕ್ಕಿಂತ ಮುಂಚೆನೇ ನೀವು ಶುರು ಮಾಡ್ಬೇಕು. ಗಲಾಟೆ 5ಕ್ಕೆ ಅಂದ್ರೆ ನಿಮ್ಮ ಕೆಲಸ 4ಕ್ಕೆ. ಬಚ್ಚಲಿಗೆ ಕರ್ಕೊಂಡು ಹೋಗಿ, ಕಷಾಯದ ಜೊತೆ ಏನಾದ್ರೂ ಗಟ್ಟಿಯಾಗಿ ತಿನ್ನಕ್ಕೆ ಕೊಡಿ. ಕತ್ತಲಾಗೋಕೆ ಮುಂಚೆ ಲೈಟ್ ಹಾಕಿ. ಆಷಾಢ ಶ್ರಾವಣದಲ್ಲಿ ನಮ್ಮ ಕಡೆ 4 ಗಂಟೆಗೇ ಮಬ್ಬಾಗತ್ತೆ, ಅದಕ್ಕೇ ನೋಡಿ ಮಳೆಗಾಲದಿಂದ ನಿಮಗೆ ಜಾಸ್ತಿ ಆಗಿದ್ದು. ಮೂಲೆ ಮೂಲೆ ನೆರಳು ಕಂಡ್ರೆ ಯಾರೋ ನಿಂತಿದಾರೆ ಅನ್ಸತ್ತೆ. ಕಿಟಕಿ ಗಾಜಲ್ಲಿ ಅವರದೇ ಮುಖ ಕಂಡು ಬೇರೆ ಯಾರೋ ಮುದುಕಿ ಬಂದಿದಾಳೆ ಅಂತ ಬೈದಿದ್ದೂ ಉಂಟು, ಪರದೆ ಎಳೀರಿ. ಕರೆಂಟ್ ಹೋಗತ್ತೆ ಅಂತ ಗೊತ್ತಲ್ಲ, ಚಾರ್ಜ್ ದೀಪ ರೆಡಿ ಇರ್ಲಿ. ಟಿವಿ ಧಾರಾವಾಹಿ, ಜಗಳ ಕಿರುಚಾಟ ಆ ಹೊತ್ತಲ್ಲಿ ಬೇಡ. ಕೈಗೆ ಅವರಿಗೆ ಗೊತ್ತಿರೋ ಕೆಲಸ ಕೊಡಿ, ಏನು ಕೆಲಸ ಮಾಡ್ತಿದ್ರು ಮುಂಚೆ?

ಸಂಪಿಗೆಮನೆ
ಹೂಬತ್ತಿ ಹೊಸೆಯೋದ್ರಲ್ಲಿ ಎತ್ತಿದ ಕೈ. ಊರಿನ ದೇವಸ್ಥಾನಕ್ಕೆಲ್ಲ ಅವರೇ ಮಾಡಿಕೊಡ್ತಿದ್ರು. ಅಡಿಕೆ ಸುಲಿತಾ ಇದ್ರು, ಈಗ ಮೆಟ್ಟುಗತ್ತಿ ಹತ್ರ ಬಿಡಲ್ಲ ನಾವು.

ನಿವೃತ್ತ ಸಿಸ್ಟರ್
ಹತ್ತಿ ತಂದಿಡಿ. ಬತ್ತಿ ಸೊಟ್ಟ ಆದ್ರೂ ತಿದ್ದಬೇಡಿ, "ನಾಳೆ ದೇವಸ್ಥಾನಕ್ಕೆ ಕೊಡ್ಬೇಕು ಅತ್ತೆ, ನಂಗೆ ಬರಲ್ಲ, ಇಷ್ಟು ಮಾಡಿಕೊಡಿ" ಅನ್ನಿ. ಕೆಲಸ ಇರೋ ಮನೆ ಬಿಟ್ಟು ಅವರ ಕಾಲದ ಹೆಂಗಸ್ರು ಹೋಗಲ್ಲ.

ಇಷ್ಟಾದ್ರೂ ಹೊರಟ್ರೆ ಎದುರಿಗೆ ಅಡ್ಡ ನಿಲ್ಲಬೇಡಿ, ಕೈ ಹಿಡಿಬೇಡಿ, ಹಿಂದಿಂದ ಮುಟ್ಟಲೇಬೇಡಿ. ಪಕ್ಕಕ್ಕೆ ಬಂದು "ನಾನೂ ಬರ್ತೀನಿ ಅತ್ತೆ, ತಡೀರಿ ಚಪ್ಪಲಿ ಹಾಕ್ಕೊಳ್ತೀನಿ" ಅನ್ನಿ. ಚಪ್ಪಲಿ, ಶಾಲು, ಕೊಡೆ ಅಂತ ಎರಡು ನಿಮಿಷ ಅಲ್ಲೇ ಹೋಗತ್ತೆ. ಜೊತೆ ನಡೀರಿ. ಕೆರೆ ಕಡೆ ಬೇಡ, ಮೇಲಿನ ದಾರಿ ಹಿಡೀರಿ. ಆ ಮನೆ ಹಿತ್ತಲಲ್ಲಿ ಏನು ಗಿಡ ಇತ್ತು, ಹಲಸು ಯಾವುದು ಚೆನ್ನಾಗಿತ್ತು, ಅಂತ ಕೇಳಿ. ಮಾತಾಡ್ತಾ ಮಾತಾಡ್ತಾ ತೋಟ ಸುತ್ತಿ ಮನೆಗೆ ಬೇರೆ ಬಾಗಿಲಿಂದ ಬನ್ನಿ. "ಅಯ್ಯೋ ಬಂದ್ವಲ್ಲ, ಕಾಲು ತೊಳ್ಕೊಳಿ" ಅಂದ್ರೆ ಸುಮಾರು ಸಲ ಒಪ್ಕೊಳ್ತಾರೆ. ಸುಮಾರು ಸಲ ಅಂದೆ, ಎಲ್ಲಾ ಸಲ ಅಲ್ಲ.

ಅಡಿಕೆಮಂಡಿ
ಅಂದ್ರೆ ಸುಳ್ಳೇ ಹೇಳಿದಂಗಾಯ್ತಲ್ಲ ಕೊನೆಗೆ. ನಂಗೆ ಒಪ್ಪಿಗೆ ಇಲ್ಲ.

ತುಂಗಾತೀರ
ಒಪ್ಪಿಗೆ ಇಲ್ದಿದ್ರೆ ಬಿಡಿ, ಕಚ್ಚಿಸ್ಕೊಳೋದು ನೀವಲ್ಲ.

ಆಗುಂಬೆ ಮಳೆ
ಕೆರೆ ಇದೆ ಅಂದ್ರಲ್ಲ, ಅದಕ್ಕೆ ಬರೀತಿದೀನಿ. ಮೂರು ವರ್ಷದ ಹಿಂದೆ ನಮ್ಮೂರ ಪಕ್ಕ ಒಬ್ರು ಅಜ್ಜ ಹಿಂಗೇ ಸಂಜೆ ಹೊರಟುಹೋದ್ರು. ನಾವು ಹುಡುಗ್ರೆಲ್ಲ ಬ್ಯಾಟರಿ ಹಿಡ್ಕೊಂಡು ರಸ್ತೆ ರಸ್ತೆ, ಬಸ್‌ಸ್ಟ್ಯಾಂಡ್, ಹೋಟ್ಲು, ದೂರ ದೂರ ಹುಡುಕಿದ್ವಿ, ಹೆಸರು ಹಿಡಿದು ಕೂಗಿ ಗಂಟಲು ಕಿತ್ತೋಯ್ತು. ಸಿಕ್ಕಿದ್ದು ಬೆಳಿಗ್ಗೆ, ಮನೆಯಿಂದ ಎರಡು ಫರ್ಲಾಂಗ್ ಆಗಲ್ಲ, ತೋಟದ ಬೇಲಿ ಪಕ್ಕದ ಅಗಳದಲ್ಲಿ ಕೂತಿದ್ರು. ಜೀವ ಇತ್ತು, ಮೈ ಮಾತ್ರ ಮಂಜುಗಡ್ಡೆ. ರಾತ್ರಿ ನಾವು ಅದರ ಮೇಲೇ ಹಾದು ಹೋಗಿದೀವಿ, ಕೂಗಿದ್ದು ಕೇಳಿಸಿರತ್ತೆ, ಓ ಅಂದಿಲ್ಲ.

ಆಮೇಲೆ ಒಬ್ರು ಪೊಲೀಸ್ ಹೇಳಿದ್ರು, ಈ ಕಾಯಿಲೆಯವ್ರು ಕರೆದ್ರೆ ಓಗೊಡಲ್ಲ, ಮುಂದಕ್ಕೆ ಹೋಗ್ತಾ ಹೋಗ್ತಾ ಎಲ್ಲೋ ಬೇಲಿ, ಪೊದೆ, ಕೆಸರಲ್ಲಿ ಸಿಕ್ಕಿಹಾಕ್ಕೊಂಡು ಅಲ್ಲೇ ನಿಂತುಬಿಡ್ತಾರೆ, ಹಿಂದೆ ತಿರುಗಿ ಬರೋದು ಹೊಳಿಯಲ್ಲ ಅಂತ. ಹಾಗಾಗಿ ಕೂಗೋದಲ್ಲ, ಕಣ್ಣಲ್ಲಿ ಹುಡುಕ್ಬೇಕು, ಪ್ರತಿ ಪೊದೆ ಸರಿಸಿ. ಮೊದ್ಲು ಮನೆ ಒಳಗೆ, ಅಟ್ಟ, ಕೊಟ್ಟಿಗೆ, ಬಚ್ಚಲು. ಅದೇ ಹೊತ್ತಿಗೆ ಇನ್ನೊಬ್ರು ಸೀದಾ ನೀರಿನ ಹತ್ರ ಓಡ್ಬೇಕು, ಕೆರೆ, ಬಾವಿ, ಹೊಳೆ, ಕೃಷಿ ಹೊಂಡ. ಕಾಲು ಗಂಟೆ ಹುಡುಕಿ ಸಿಗದಿದ್ರೆ 112ಕ್ಕೆ ಫೋನ್. ಮಾನ ಮರ್ಯಾದೆ ಅಂತ ಕೂರ್ಬೇಡಿ.

ಕೊಪ್ಪದವ್ನು
24 ಗಂಟೆ ಆಗೋ ತನಕ ಪೊಲೀಸ್ ಕಂಪ್ಲೇಂಟ್ ತಗೊಳಲ್ಲ ಅಲ್ವಾ?

ಆಗುಂಬೆ ಮಳೆ
ಅದು ಸಿನಿಮಾ ಮಾತು. ಕಾಣೆ ಆದ ತಕ್ಷಣ ಕೊಡಬಹುದು, ಅಂಥ ನಿಯಮ ಯಾವುದೂ ಇಲ್ಲ. ಮರೆವಿನ ಕಾಯಿಲೆ ಇದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಇತ್ತೀಚಿನ ಫೋಟೋ ಮೊಬೈಲಲ್ಲಿ ಇರ್ಬೇಕು, ಮದುವೆ ಫೋಟೋ ಅಲ್ಲ, ಮನೇಲಿ ಹೆಂಗಿರ್ತಾರೋ ಹಂಗೆ. ಅವರು ಉಟ್ಟು ಬಿಟ್ಟ ಒಂದು ಬಟ್ಟೆ ತೊಳೀದೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಿ, ನಾಯಿ ಬಂದ್ರೆ ಬೇಕಾಗತ್ತೆ.

ಸಾಗರದ ಹಳೇ ಬಸ್
ನಮ್ಮ ಕಡೆ ಇನ್ನೊಂದು ಕೆಲಸ ಮಾಡಬಹುದು. ಊರ ಮೇಲೆ ಹೋಗೋ ಪ್ರೈವೇಟ್ ಬಸ್ ಕಂಡಕ್ಟ್ರುಗಳಿಗೆಲ್ಲ ಅತ್ತೆ ಫೋಟೋ ತೋರಿಸಿ ಹೇಳಿಡಿ. ಮುಳುಗಡೆಯವ್ರು ಅಂದ್ರೆ ಸಾಗರದ ಬಸ್ ಹತ್ತೋರೇ. ನಮ್ಮ ಚಿಕ್ಕಪ್ಪ ಒಂದ್ಸಲ ಬಸ್ ಹತ್ತಿ ತಾಳಗುಪ್ಪಕ್ಕೆ ಟಿಕೆಟ್ ಕೇಳಿದ್ರಂತೆ, ದುಡ್ಡು ಇಲ್ಲ, ಕಂಡಕ್ಟ್ರು ಗುರುತು ಹಿಡಿದು ಮುಂದಿನ ಸೀಟಲ್ಲಿ ಕೂರಿಸ್ಕೊಂಡು ವಾಪಸ್ ಟ್ರಿಪ್ಪಲ್ಲಿ ಕರ್ಕೊಂಡು ಬಂದ. ಈಗಿನ ಜಿಪಿಎಸ್ ಗಡಿಯಾರ ತಂದ್ವಿ, ನಮ್ಮ ಹಳ್ಳೀಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ ಮಾತ್ರ, ಚಿಕ್ಕಪ್ಪ ಗುಡ್ಡ ಹತ್ತಿ ಕಳೆದುಹೋದ್ರೆ ಮಾತ್ರ ಸಿಗ್ತಾರೆ. ರವಿಕೆ ಒಳಗೆ, ಲಂಗದ ಪಟ್ಟೀಲಿ ಫೋನ್ ನಂಬರ್ ಹೊಲೆದು ಇಡೋದು ಹಳೇ ಪದ್ಧತಿ, ಕೆಲಸ ಮಾಡತ್ತೆ.

ಅಡಿಕೆಮಂಡಿ
ಅಷ್ಟೆಲ್ಲ ಮಾಡೋ ಬದಲು ಬೀಗ ಅಂದೆ ನಾನು. ಕೆರೆಗೆ ಬಿದ್ರೆ ಯಾರು ಜವಾಬ್ದಾರಿ?

ನಿವೃತ್ತ ಸಿಸ್ಟರ್
ಹೊರಗೆ ಹೋಗದಂಗೆ ಮಾಡೋದು ಬೇಡ ಅಂತ ಯಾರೂ ಹೇಳ್ತಿಲ್ಲ. ಒಬ್ರನ್ನೇ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕಿ ತೋಟಕ್ಕೆ ಹೋಗೋದು ಬೇಡ. ಒಲೆ ಇರತ್ತೆ, ಬೆಂಕಿ ಹೊತ್ತಿದ್ರೆ? ಮನೇಲಿ ಯಾರಾದ್ರೂ ಇರುವಾಗ ಹೆಬ್ಬಾಗಿಲಿಗೆ ಮೇಲ್ಗಡೆ, ಕಣ್ಣಿಗಿಂತ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿ. ಅವರು ಮಾಮೂಲಿ ಚಿಲಕದ ಜಾಗದಲ್ಲೇ ಹುಡುಕ್ತಾರೆ. ಕೆರೆ ಕಡೆಯ ದಾರಿಗೆ ಉಣಗೋಲು ಗಟ್ಟಿ ಮಾಡಿ, ಬಾವಿಗೆ ಜಾಲರಿ. ಕಟ್ಟಿಹಾಕೋದಂತೂ ಬೇಡವೇ ಬೇಡ, ಕಟ್ಟಿದ್ರೆ ಬಿಡಿಸ್ಕೊಳಕ್ಕೆ ಹೋಗಿ ಬಿದ್ದು ಜಾಸ್ತಿ ಪೆಟ್ಟಾಗತ್ತೆ.

ಸಂಪಿಗೆಮನೆ
ಬಾಗಿಲ ಸದ್ದು ರಾತ್ರಿ ಗೊತ್ತಾಗಲ್ಲ ಸಿಸ್ಟರ್, ಮಳೆ ಸದ್ದಿನಲ್ಲಿ ಏನೂ ಕೇಳಲ್ಲ.

ಕೊಪ್ಪದವ್ನು
ಹಸುವಿನ ಕೊರಳ ಗಂಟೆ ಇಲ್ವಾ ಕೊಟ್ಟಿಗೇಲಿ? ಬಾಗಿಲಿಗೆ ಕಟ್ಟಿ. ನಮ್ಮನೇಲಿ ಕಟ್ಟಿದೀವಿ, ಸತ್ತವರೂ ಎದ್ದು ಕೂರ್ತಾರೆ. ಬಾಗಿಲ ಮುಂದೆ ಕಪ್ಪು ಕಂಬಳಿ ಹಾಸಿದ್ರೆ ಹಳ್ಳ ಅಂತ ತಿಳಿದು ದಾಟಲ್ಲ ಅಂತಾನೂ ಯಾರೋ ಹೇಳಿದ್ರು.

ನಿವೃತ್ತ ಸಿಸ್ಟರ್
ಗಂಟೆ ಒಳ್ಳೇ ಐಡಿಯಾ, ಅವರ ಕಿವಿಗೂ ಪರಿಚಯದ ಸದ್ದು. ಕಪ್ಪು ಕಂಬಳಿ ಕೆಲವರಿಗೆ ಆಗತ್ತೆ, ಕೆಲವರು ಹಳ್ಳ ದಾಟಕ್ಕೆ ಹಾರಿ ಬೀಳ್ತಾರೆ. ನಾನು ಹೇಳಲ್ಲ.

ರಾತ್ರಿ ಎದ್ದಾಗ ದೊಡ್ಡ ಲೈಟ್ ಹಾಕ್ಬೇಡಿ, "ಇನ್ನೂ ಬೆಳಗಾಗಿಲ್ಲ ಮಲಗಿ" ಅಂತ ವಾದ ಬೇಡ. ಮಂಚದಿಂದ ಬಚ್ಚಲ ತನಕ ಸಣ್ಣ ದೀಪ ಇರ್ಲಿ. ಸೀದಾ ಬಚ್ಚಲಿಗೆ ಕರ್ಕೊಂಡು ಹೋಗಿ, ಬಂದು ಕೂರ್ಸಿ, ಕಾಲು ಬೆಚ್ಚಗೆ ಮಾಡಿ, ಕಡಿಮೆ ಮಾತು. ಹತ್ತು ಹದಿನೈದು ನಿಮಿಷ ಬಿಟ್ಟು ಮಂಚ ತೋರಿಸಿ. ಮತ್ತೆ ನೀವಿಬ್ರೂ ಒಟ್ಟಿಗೆ ಏಳ್ಬೇಡಿ. ಒಂದು ರಾತ್ರಿ ನೀವು, ಒಂದು ರಾತ್ರಿ ನಿಮ್ಮ ಯಜಮಾನ್ರು, ಉಳಿದವ್ರು ಬೇರೆ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು.

ತುಂಗಾತೀರ
ನಮ್ಮಪ್ಪನ ವಿಷಯ ಹೇಳ್ತೀನಿ, ಯಾಕಂದ್ರೆ ಇಲ್ಲಿ ಓದೋರು ಮಾತ್ರೆ ಬರೆಸ್ಕೊಳಕ್ಕೆ ಹೋಗ್ತಾರೆ. ಅಪ್ಪಂಗೆ ಸಂಜೆ ಜಗಲಿ ಮೇಲೆ ಸಣ್ಣ ಮಕ್ಕಳು ಆಡ್ತಿರೋದು ಕಾಣ್ತಿತ್ತು, ಒಂದು ದಿನ ಚೆನ್ನಾಗಿ ಮಾತಾಡ್ತಿದ್ರು ಮಾರನೇ ದಿನ ಮಂಕು, ನಡೆಯೋದು ಕಾಲು ಎಳ್ಕೊಂಡು. ರೇಗ್ತಾರೆ ಅಂತ ಒಂದು ಕಡೆ ಹೋದ್ವಿ, ಸಿಟ್ಟು ಕಡಿಮೆ ಆಗೋ ಇಂಜೆಕ್ಷನ್ ಹಾಲೊಪೆರಿಡಾಲ್ ಹಾಕಿದ್ರು. ಎರಡು ದಿನದಲ್ಲಿ ಮೈ ಸೆಟೆದು ಮರದ ಕೊರಡು, ನುಂಗಕ್ಕೆ ಆಗ್ಲಿಲ್ಲ, ಜೊಲ್ಲು. ಆಮೇಲೆ ನಿಮ್ಹಾನ್ಸ್‌ಗೆ ಹೋದಾಗ ಗೊತ್ತಾಗಿದ್ದು, ಅಪ್ಪಂದು ಮರೆವಿನ ಕಾಯಿಲೆಯಲ್ಲೇ ಲೇವಿ ಬಾಡಿ ಅನ್ನೋ ಬಗೆ, ಅವರಿಗೆ ಆ ಜಾತಿ ಔಷಧಿ ವಿಷ ಇದ್ದಂಗೆ ಅಂತ. ಹಾಗಾಗಿ ಮಕ್ಕಳು, ಪ್ರಾಣಿ ಕಾಣ್ತಾವೆ ಅಂದ್ರೆ, ಕೈಕಾಲು ಬಿಗಿ ಇದ್ರೆ ಅದನ್ನ ಡಾಕ್ಟ್ರಿಗೆ ಮೊದ್ಲೇ ಹೇಳಿ.

ಮೆಡಿಕಲ್ ಶಾಪ್
ಆಲ್‌ಝೈಮರ್ ಇರೋರಿಗೂ ಆ ಗುಂಪಿನ ಮಾತ್ರೆ ಸುಮ್ನೆ ಅಲ್ಲ, ಸ್ಟ್ರೋಕ್ ಆಗೋ, ಜೀವಕ್ಕೇ ಅಪಾಯ ಆಗೋ ಸಾಧ್ಯತೆ ಸ್ವಲ್ಪ ಜಾಸ್ತಿ ಮಾಡತ್ತೆ. ತಮಗೆ ಅಥವಾ ಬೇರೆಯವ್ರಿಗೆ ಪೆಟ್ಟು ಮಾಡ್ಕೊಳೋ ಮಟ್ಟಕ್ಕೆ ಹೋದಾಗ ರಿಸ್ಪೆರಿಡೋನ್ ತೀರಾ ಸಣ್ಣ ಡೋಸಲ್ಲಿ ಬರೀತಾರೆ. ಬರೆದ್ರೆ "ಎಷ್ಟು ದಿನ? ಯಾವಾಗ ಇಳಿಸೋದು?" ಅಂತ ಅವತ್ತೇ ಕೇಳಿ. ಅದೇ ಚೀಟಿ ಹಿಡ್ಕೊಂಡು ವರ್ಷಗಟ್ಟಲೆ ತಗೊಂಡು ಹೋಗೋರು ನಮ್ಮ ಅಂಗಡಿಗೆ ಬರ್ತಾರೆ.

ಸಾಗರದ ಹಳೇ ಬಸ್
ಮಧ್ಯೆ ಕೇಳ್ತಿದೀನಿ, ರಾಶಿ ಅಡಿಕೆ ಇವತ್ತು ಏನು ರೇಟು @ಅಡಿಕೆಮಂಡಿ?

ಅಡಿಕೆಮಂಡಿ
ನಾಳೆ ಹೇಳ್ತೀನಿ, ಇವತ್ತು ಯಾರೂ ಕೇಳೋರಿಲ್ಲ.

ಸಂಪಿಗೆಮನೆ
ಸುಮಾರು ದಿನ ಆಯ್ತು ಬರೆದು. ಡಾಕ್ಟ್ರು ಎರಡೂ ಮಾತ್ರೆ ಹೊತ್ತು ಬದಲಾಯಿಸಿದ್ರು. ಬೆಳಗಿನ ನಿದ್ದೆ ತೆಗೆದ್ವಿ, ಮಧ್ಯಾಹ್ನದ್ದು ಕುರ್ಚೀಲಿ. ಮೊದಲ ವಾರ ನರಕ, ಊಟಕ್ಕೆ ಕೂತಲ್ಲೇ ತೂಕಡಿಸಿ ಬೈತಿದ್ರು. ಆಮೇಲೆ 9:30ಗೆ ಮಲಗಿ 3:30ರ ತನಕ ಬಂತು. ಒಂದ್ಸಲ ಬಚ್ಚಲಿಗೆ ಏಳ್ತಾರೆ, ಮತ್ತೆ ಮಲಗ್ತಾರೆ. ಬತ್ತಿ ಹೊಸೆದು ಡಬ್ಬ ತುಂಬಿಸಿದಾರೆ. ಸಂಜೆ ಹೊರಡೋದು ಇದೆ, ಸುತ್ತಿಸ್ಕೊಂಡು ಬರ್ತೀನಿ, ವಾರದಲ್ಲಿ ಎರಡು ಮೂರು ದಿನ ಜಗಳ ಆಗೇ ಆಗತ್ತೆ.

ಆದ್ರೆ ಮೊನ್ನೆಯಿಂದ ಬೇರೆ ತರ ಆಗಿದೆ ಸಿಸ್ಟರ್. ಹಗಲು ಎಬ್ಬಿಸಿದ್ರೂ ಕಣ್ಣು ಬಿಡಲ್ಲ, ರಾತ್ರಿ ಹೊದಿಕೆ ಕೀಳ್ತಾ ಇರ್ತಾರೆ, ಗಾಳೀಲಿ ಏನೋ ಹಿಡಿದಂಗೆ ಕೈ ಆಡಿಸ್ತಾರೆ, ನನ್ನ ಮುಖಾನೇ ನೋಡಲ್ಲ. ನಾದಿನಿ ಬಂದಿದಾರೆ, "ಕಾಯಿಲೆ ಜಾಸ್ತಿ ಆಯ್ತು, ಇನ್ನು ಇಷ್ಟೇ, ನೀವು ನಿದ್ದೆ ಬಿಡಿಸಿ ಹಿಂಗಾಯ್ತು" ಅಂತಿದಾರೆ.

ನಿವೃತ್ತ ಸಿಸ್ಟರ್
ಇದು ಕಾಯಿಲೆ ಜಾಸ್ತಿ ಆಗಿದ್ದಲ್ಲ. ಮರೆವಿನ ಕಾಯಿಲೆ ಎರಡು ದಿನದಲ್ಲಿ ಹಿಂಗೆ ಬೀಳಲ್ಲ. ಎರಡು ದಿನದಲ್ಲಿ ಬಂದ್ರೆ ಮೈಯಲ್ಲಿ ಬೇರೆ ಏನೋ ಇದೆ ಅಂತ ಅರ್ಥ, ಮೂತ್ರದ ಸೋಂಕು, ಕಫ, ಮಲ ಕಟ್ಟಿರೋದು, ಬಿದ್ದು ತಲೆಗೆ ಪೆಟ್ಟು, ಹೊಸ ಔಷಧಿ. ಅದಕ್ಕೇ ನಾನು ಮೊದಲ ದಿನ ಕೇಳಿದ್ದು ನಿಧಾನಕ್ಕಾ ದಿಢೀರಾ ಅಂತ. ಜ್ವರ ಇದ್ಯಾ? ಹೊಸ ಮಾತ್ರೆ? ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು? ಮೂತ್ರ ಹೋಗ್ತಿದ್ಯಾ? ಇಲ್ಲಿ ಉತ್ತರ ಕಾಯ್ತಾ ಕೂರ್ಬೇಡಿ, ಇವತ್ತೇ ಆಸ್ಪತ್ರೆಗೆ.

ಸಂಪಿಗೆಮನೆ
ಜ್ವರ ಇಲ್ಲ. ಮಳೆಗೆ ನೆಗಡಿ ಆಗಿತ್ತು, ಪೇಟೆಯಿಂದ ನೆಗಡಿ ಮಾತ್ರೆ ತಂದು ಮೂರು ಹೊತ್ತು ಕೊಟ್ಟಿದಾರೆ. ಕಕ್ಕಸಿಗೆ ಹೋಗಿ ನಾಲ್ಕೈದು ದಿನ ಆಗಿರ್ಬೇಕು, ಯಾರೂ ಲೆಕ್ಕ ಇಟ್ಟಿಲ್ಲ. ಹೊರಟ್ವಿ.

ಮೆಡಿಕಲ್ ಶಾಪ್
ಆ ಮಾತ್ರೆ ಸ್ಟ್ರಿಪ್ ಹಿಂದೆ ಕ್ಲೋರ್‌ಫೆನಿರಮಿನ್ ಅಂತ ಇದ್ಯಾ ನೋಡಿ, ಸ್ಟ್ರಿಪ್ ಜೊತೆಗೇ ತಗೊಂಡು ಹೋಗಿ. ನೆಗಡಿ, ತುರಿಕೆ, ಅಲರ್ಜಿಗೆ ಕೊಡೋ ಆ ಹಳೇ ಮಾತ್ರೆಗಳು ನಮಗೆ ತೂಕಡಿಕೆ ತರ್ತಾವೆ ಅಷ್ಟೇ, ಇವರಿಗೆ ತಲೆನೇ ಕೆಡಿಸ್ತಾವೆ. ಡೊನೆಪೆಜಿಲ್ ಮಾಡೋ ಕೆಲಸಕ್ಕೆ ಇದು ನೇರ ವಿರುದ್ಧ. ಮಲ ಮೂತ್ರ ಎರಡೂ ಕಟ್ಟತ್ತೆ.

ಬೆಂಗ್ಳೂರು ಮಲ್ನಾಡಿಗ
ಅಯ್ಯೋ ಅದನ್ನ ನಮ್ಮಪ್ಪ ವಾರಕ್ಕೊಂದ್ಸಲ ತಗೊಳ್ತಾರೆ, ಅಲರ್ಜಿ ಅಂತ!

ನಿವೃತ್ತ ಸಿಸ್ಟರ್
@ಬೆಂಗ್ಳೂರು ಮಲ್ನಾಡಿಗ ಪಿನ್ ಮರೆಯೋದಕ್ಕೂ ಅದಕ್ಕೂ ಸಂಬಂಧ ಇರಬಹುದು, ಇಲ್ಲದಿರಬಹುದು. ತೈರಾಯ್ಡ್, ಬಿ12 ಎರಡು ರಕ್ತಪರೀಕ್ಷೆನೂ ಮಾಡಿಸಿ, ಡಾಕ್ಟ್ರಿಗೆ ಎಲ್ಲಾ ಮಾತ್ರೆ ಚೀಲ ಸಮೇತ ತೋರಿಸಿ.

ಸಂಪಿಗೆಮನೆ
ಬಂದ್ವಿ ಮನೆಗೆ. ಅದೇ ಮಾತ್ರೆ. ಮೂತ್ರ ಕಟ್ಟಿತ್ತು, ನಳಿಗೆ ಹಾಕಿ ತೆಗೆದ್ರು, ಎನಿಮಾ ಕೊಟ್ರು, ಸೋಂಕು ಇಲ್ಲ ಅಂದ್ರು. ಮೂರನೇ ದಿನಕ್ಕೆ ಕಣ್ಣು ಬಿಟ್ಟು "ಹತ್ತಿ ಎಲ್ಲಿ" ಅಂದ್ರು, ಮಾತು ಮುಂಚಿನಷ್ಟು ಇಲ್ಲ ಇನ್ನೂ. ಇದು ಪೂರ್ತಿ ಮುಂಚಿನಂಗೆ ಆಗತ್ತಾ?

ನಿವೃತ್ತ ಸಿಸ್ಟರ್
ಕೆಲವರಿಗೆ ವಾರಗಟ್ಟಲೆ ಹಿಡಿಯತ್ತೆ, ಕೆಲವರು ಒಂದು ಮೆಟ್ಟಿಲು ಕೆಳಗೇ ಉಳಿತಾರೆ. ಈಗ ಅದೇ ದಿನಚರಿಗೆ ವಾಪಸ್ ತನ್ನಿ, ನಿಧಾನಕ್ಕೆ. ಅಡುಗೆಮನೆ ಕ್ಯಾಲೆಂಡರಲ್ಲಿ ದಿನಾ ಮೂರೇ ಗುರುತು ಹಾಕಿ: ಕಕ್ಕಸು ಆಯ್ತಾ, ರಾತ್ರಿ ಎಷ್ಟೊತ್ತಿಗೆ ಎದ್ರು, ಸಂಜೆ ಗಲಾಟೆ ಶುರುವಾಗಿದ್ದು ಎಷ್ಟೊತ್ತಿಗೆ. ಮುಂದಿನ ಸಲ ಡಾಕ್ಟ್ರಿಗೆ ಆ ಹಾಳೆನೇ ತೋರಿಸಿ. ಮಧ್ಯರಾತ್ರಿ ಕೈಮೀರಿ ಯಾರ ಹತ್ರನಾದ್ರೂ ಮಾತಾಡ್ಬೇಕು ಅನ್ಸಿದ್ರೆ 14416, ಟೆಲಿಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಸಂಪಿಗೆಮನೆ
ಆಯ್ತು ಸಿಸ್ಟರ್. ನಾದಿನಿ ಈಗ ಒಂದು ತಿಂಗಳು ಅಮ್ಮನ್ನ ಶಿವಮೊಗ್ಗದ ತಮ್ಮ ಮನೆಗೆ ಕರ್ಕೊಂಡು ಹೋಗ್ತೀನಿ ಅಂತಿದಾರೆ, ಅವರ ಮುಂದೆ ಅಮ್ಮ ಚೆನ್ನಾಗೇ ಮಾತಾಡ್ತಾರಂತೆ, ನಮ್ಮಲ್ಲೇ ಏನೋ ಸರಿ ಇಲ್ವಂತೆ. ಕಳಿಸ್ಲಾ?

ತುಂಗಾತೀರ
ಬಂದವರ ಮುಂದೆ ಒಂದೆರಡು ಗಂಟೆ ಎಲ್ಲರೂ ಚೆನ್ನಾಗೇ ಮಾತಾಡ್ತಾರೆ, ನಮ್ಮಪ್ಪ ಡಾಕ್ಟ್ರ ಮುಂದೆ ಹಾಸ್ಯ ಮಾಡ್ತಿದ್ರು. ಕಳಿಸಿ, ಸಂಜೆ ಅವರೂ ನೋಡ್ಲಿ.

ನಿವೃತ್ತ ಸಿಸ್ಟರ್
ಜಾಗ ಬದಲಾದ್ರೆ ಈಗಿನ ಸ್ಥಿತೀಲಿ ಇನ್ನೂ ಗಲಿಬಿಲಿ ಆಗ್ತಾರೆ. ಅದರ ಬದಲು ನಾದಿನಿನೇ ಒಂದು ವಾರ ನಿಮ್ಮನೇಲಿ ಉಳಿದು ರಾತ್ರಿ ಪಾಳಿ ಮಾಡ್ಲಿ, ನೀವು ಮಲಗಿ.

ಅಡಿಕೆಮಂಡಿ
ಇದಕ್ಕೆ ಮಾತ್ರ ಸಿಸ್ಟರ್ ಮಾತಿಗೆ ನನ್ನ ಒಪ್ಪಿಗೆ. ಆದ್ರೆ ಮೇಲಿನ ಚಿಲಕ ಹಾಕ್ಸಿದ್ರಾ ಇಲ್ವಾ ಅದು ಹೇಳಿ.

ಸಂಪಿಗೆಮನೆ
ಹಾಕ್ಸಿದೀವಿ ಅಣ್ಣ, ಗಂಟೆನೂ ಕಟ್ಟಿದೀವಿ. ನಾದಿನಿಗೆ ಪಾಳಿ ಮಾತು ಯಜಮಾನ್ರು ಹೇಳ್ಬೇಕು, ನಾನು ಹೇಳಿದ್ರೆ ಬೇರೆ ರಾಮಾಯಣ ಆಗತ್ತೆ.